ಟೈರ್ ತಿನ್ನುವುದು ಯಾವುದು?

ವೀಲ್ ಅಲೈನ್‌ಮೆಂಟ್ ಮುಗಿದ ಮೇಲೆ ಅಂಗಡಿಯವರು ಒಂದು ಶೀಟು ಕೊಡುತ್ತಾರೆ. ನಾಲ್ಕು ಚಕ್ರಗಳ ಚಿತ್ರ, ಅದರ ಸುತ್ತ ಡಿಗ್ರಿ, ನಿಮಿಷಗಳ ಅಂಕಿಗಳು, ಕೆಲವು ಹಸಿರು, ಕೆಲವು ಕೆಂಪು. ಹೆಚ್ಚಿನವರು ಅದನ್ನು ಮಡಚಿ ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿ, ದುಡ್ಡು ಕೊಟ್ಟು ಹೊರಡುತ್ತಾರೆ. ಕೆಲವು ತಿಂಗಳು ಕಳೆದು ಮುಂದಿನ ಟೈರು ಒಳಮಗ್ಗುಲಲ್ಲಿ ಬೋಳಾಗಿ ನೂಲು ಕಾಣಿಸಿದಾಗ, "ಅಲೈನ್‌ಮೆಂಟ್ ಮಾಡಿಸಿದ್ದೆನಲ್ಲ, ಮತ್ತೆ ಹೇಗೆ ಹೀಗಾಯ್ತು?" ಎಂಬ ಜಗಳ ಶುರುವಾಗುತ್ತದೆ. ಜಗಳಕ್ಕೆ ಬೇಕಾದ ಸಾಕ್ಷಿಯೆಲ್ಲ ಆ ಖಾನೆಯಲ್ಲೇ ಮಡಚಿ ಬಿದ್ದಿರುತ್ತದೆ.

ಶೀಟಿನಲ್ಲಿ ಮುಖ್ಯವಾಗಿ ಇರುವುದು ಮೂರು ಮಾತು: ಕ್ಯಾಂಬರ್, ಕ್ಯಾಸ್ಟರ್, ಟೋ. ಮೂರೂ ಒಂದಲ್ಲ ಒಂದು ಓರೆಯನ್ನೇ ಹೇಳುತ್ತವೆ, ನೋಡುವ ದಿಕ್ಕು ಮಾತ್ರ ಬೇರೆ. ಕಾರಿನ ಎದುರಿಗೆ ನಿಂತಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಂದರತ್ತ ಒಂದು ತಿರುಗಿರುವುದೋ ದೂರ ಸರಿದಿರುವುದೋ ಟೋ. ಪಕ್ಕದಿಂದ ನೋಡಿದಾಗ, ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ಯಾವ ಗೆರೆಯ ಸುತ್ತ ತಿರುಗುತ್ತದೋ ಆ ಗೆರೆ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಆದರೆ ಟೈರು ಸವೆಯುವ ಲೆಕ್ಕದಲ್ಲಿ ಈ ಮೂವರೂ ಸಮಾನ ತಪ್ಪಿತಸ್ಥರಲ್ಲ. ತಿನ್ನುವುದು ಬಹುಮಟ್ಟಿಗೆ ಟೋ. ಎಲ್ಲಿ ತಿನ್ನಬೇಕೆಂದು ತೋರಿಸುವುದು ಕ್ಯಾಂಬರ್. ಕ್ಯಾಸ್ಟರ್ ನೇರ ಓಟದಲ್ಲಿ ಟೈರಿನ ತಂಟೆಗೇ ಹೋಗುವುದಿಲ್ಲ.

ಇದೆಲ್ಲ ನಡೆಯುವ ಜಾಗ ಎಷ್ಟು ಎಂಬುದು ಮೊದಲು ಗೊತ್ತಿರಬೇಕು. 165/80 ಆರ್ 14 ಅಳತೆಯ ಟೈರಿರುವ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳಿ. ಜನ ಕೂತಾಗ ಮುಂದಿನ ಒಂದೊಂದು ಚಕ್ರದ ಮೇಲೆ ಹತ್ತಿರ ಹತ್ತಿರ 300 ಕಿಲೋ ಭಾರ ಬೀಳುತ್ತದೆ. ಗಾಳಿ 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ 130 ಚದರ ಸೆಂಟಿಮೀಟರಿನ ಆಸುಪಾಸು ಬರುತ್ತದೆ, ಅಂದರೆ 12 ಸೆಂ.ಮೀ. ಅಗಲ, 11 ಸೆಂ.ಮೀ. ಉದ್ದ. ಒರಟು ಲೆಕ್ಕವೇ, ಆದರೂ ಅಂದಾಜಿಗೆ ಸಾಕು. ಬ್ರೇಕು, ತಿರುವು, ಮಳೆನೀರಿನ ಮೇಲಿನ ಹಿಡಿತ ಎಲ್ಲವೂ ಈ ಅಂಗೈಯಗಲದ ಜಾಗದಲ್ಲೇ ಆಗಬೇಕು. ಚಕ್ರ ಒಂದು ಸುತ್ತು ಬರುವಾಗ ಟೈರಿನ ಪ್ರತಿಯೊಂದು ರಬ್ಬರ್ ತುಂಡೂ ಒಮ್ಮೆ ನೆಲಕ್ಕೆ ಒತ್ತಿ, 11 ಸೆಂ.ಮೀ. ಹೊತ್ತು ಭಾರ ಹೊತ್ತು, ಮತ್ತೆ ಮೇಲೇಳುತ್ತದೆ. ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ.

ಈಗ ಟೋ. ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳ ಮುಂಭಾಗ ಹತ್ತಿರ, ಹಿಂಭಾಗ ದೂರ ಇದ್ದರೆ ಟೋ-ಇನ್. ಮುಂಭಾಗವೇ ದೂರವಾಗಿದ್ದರೆ ಟೋ-ಔಟ್. ಮಿಷನ್ ಬರುವ ಮೊದಲು ಮೇಸ್ತ್ರಿಗಳು ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮುಂದೊಮ್ಮೆ ಹಿಂದೊಮ್ಮೆ ಟೇಪು ಹಿಡಿದು, ಎರಡರ ವ್ಯತ್ಯಾಸ ನೋಡುತ್ತಿದ್ದರು. ಇಂದಿಗೂ ಟೋ ಎಂದರೆ ಆ ವ್ಯತ್ಯಾಸವೇ. ಕ್ಯಾಮೆರಾ ಬಂದಿದ್ದರಿಂದ ಅಳತೆ ಚೊಕ್ಕವಾಯಿತು, ಅಷ್ಟೆ.

ನಮ್ಮ ಹ್ಯಾಚ್‌ಬ್ಯಾಕಿನಲ್ಲಿ ಒಟ್ಟು 4 ಮಿ.ಮೀ. ಟೋ-ಔಟ್ ಇದೆ ಎನ್ನೋಣ. ಕೇಳಲು ಏನೂ ಅಲ್ಲ, ಅಕ್ಕಿಕಾಳಿನ ಉದ್ದಕ್ಕಿಂತ ಕಮ್ಮಿ. ಒಂದೊಂದು ಚಕ್ರದ ಪಾಲಿಗೆ 2 ಮಿ.ಮೀ. ಇದನ್ನು ರಿಮ್ಮಿನ ಅಂಚುಗಳ ನಡುವೆ, ಸುಮಾರು 36 ಸೆಂ.ಮೀ. ಅಂತರದಲ್ಲಿ ಅಳೆದಿದ್ದಾರೆ. ಹಾಗಾದರೆ ಚಕ್ರ ತನ್ನ ಮೂತಿಯ ದಿಕ್ಕಿಗೆ ಹೋಗಲು ಬಿಟ್ಟರೆ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಐದೂವರೆ ಮೀಟರ್ ಪಕ್ಕಕ್ಕೆ ಹೋಗಿರುತ್ತಿತ್ತು. ಎಡಚಕ್ರ ಎಡಕ್ಕೆ, ಬಲಚಕ್ರ ಬಲಕ್ಕೆ. ಕಾರು ಎರಡನ್ನೂ ಹಿಡಿದು ನೇರಕ್ಕೆ ಎಳೆದೊಯ್ಯುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಈ ಅಡ್ಡ ಎಳೆತದ ಒಟ್ಟು ಮೊತ್ತ 55 ಕಿಲೋಮೀಟರ್ ದಾಟುತ್ತದೆ.

ಹಾಗೆಂದು ಟೈರು 55 ಕಿಲೋಮೀಟರ್ ಉಜ್ಜಿಕೊಂಡೇ ಹೋಯಿತು ಎಂದಲ್ಲ. ರಬ್ಬರು ಬಾಗುತ್ತದೆ. ನೆಲ ಮುಟ್ಟಿದ ತುಂಡು ಮೊದಲು ರಸ್ತೆಗೆ ಕಚ್ಚಿಕೊಳ್ಳುತ್ತದೆ. ಚಕ್ರ ಮುಂದೆ ಸಾಗಿದಂತೆ ಅದು ಪಕ್ಕಕ್ಕೆ ಎಳೆಯಲ್ಪಟ್ಟು, 11 ಸೆಂ.ಮೀ. ದಾಟುವ ಹೊತ್ತಿಗೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ವಾಲಿರುತ್ತದೆ. ಹಿಂದಿನ ತುದಿಗೆ ಬಂದಾಗ ಭಾರ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ವಾಲಿದ ರಬ್ಬರು ರಸ್ತೆಯ ಮೇಲೆ ಜಾರಿ ತನ್ನ ಜಾಗಕ್ಕೆ ಮರಳುತ್ತದೆ. ಸವೆಯುವುದು ಆ ಜಾರುವ ಗಳಿಗೆಯಲ್ಲಿ. ಒಂದು ಸಲಕ್ಕೆ ಕಣ್ಣಿಗೆ ಕಾಣದಷ್ಟು. ಆದರೆ ಕಿಲೋಮೀಟರಿಗೆ ಐನೂರು ಸಲ, ಎರಡೂ ಟೈರಿನಲ್ಲಿ, ನೇರ ರಸ್ತೆಯಲ್ಲೂ ಬಿಡುವಿಲ್ಲದೆ.

ಈ ಜಾರಿಕೆ ಬಿಟ್ಟುಹೋಗುವ ಗುರುತು ಬೆರಳಿಗೆ ಸಿಗುತ್ತದೆ. ಕಾರು ನಿಲ್ಲಿಸಿ, ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಟ್ರೆಡ್ಡಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ. ಮೊದಲು ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ. ಸರಿಯಿರುವ ಟೈರು ಎರಡೂ ಕಡೆಗೆ ಒಂದೇ ಥರ ಸಿಗುತ್ತದೆ. ಟೋ ಕೆಟ್ಟ ಟೈರು ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಡೆಯುತ್ತದೆ. ಪ್ರತಿಯೊಂದು ರಬ್ಬರ್ ಪಟ್ಟಿಯ ಒಂದಂಚು ಮೊಂಡಾಗಿ, ಎದುರಿನ ಅಂಚು ಚೂಪಾಗಿ ಉಳಿದಿರುವುದೇ ಇದಕ್ಕೆ ಕಾರಣ. ಟೋ-ಔಟ್ ಆದಾಗ ಟೈರು ಒಳಮಗ್ಗುಲಿಗೆ ಎಳೆಯಲ್ಪಡುವುದರಿಂದ ಪಟ್ಟಿಗಳ ಒಳಂಚು ಸವೆದು ಹೊರಂಚು ಚೂಪಾಗಿರುತ್ತದೆ. ಆಗ ಹೊರಗಿನಿಂದ ಒಳಕ್ಕೆ ಸವರಿದ ಕೈಗೆ ಹಲ್ಲು ತಾಗುತ್ತದೆ. ಟೋ-ಇನ್ನಿಗೆ ಇದರ ತಿರುವುಮುರುವು. ಶೀಟು ಕೈಗೆ ಬರುವ ಮೊದಲೇ ಟೈರು ಹೇಳುವ ಸಂಗತಿ ಇದು, ಕಾಸಿನ ಖರ್ಚಿಲ್ಲ. ನೂಲು ಹೊರಬಂದ ಟೈರಾದರೆ ಮಾತ್ರ ಕೈ ಹಾಕಬೇಡಿ. ಒಳಗಿನ ತಂತಿಯೂ ಹೊರಗೆ ಬಂದಿದ್ದರೆ ಚುಚ್ಚುತ್ತದೆ.

ಟೋ ವಿಷಯದಲ್ಲಿ ಜನ ಎಡವುವ ಇನ್ನೊಂದು ಜಾಗವಿದೆ. ಎಡಗಡೆಯ ಟೈ ರಾಡ್ ಒಂದೇ ಹಾಳಾಗಿದ್ದರೂ ಸವೆಯುವುದು ಎಡ ಟೈರೊಂದೇ ಅಲ್ಲ. ಮುಂದಿನ ಎರಡು ಚಕ್ರಗಳು ಸ್ಟಿಯರಿಂಗ್ ರ್‍ಯಾಕಿನ ಮೂಲಕ ಒಂದಕ್ಕೊಂದು ಕಟ್ಟಿಕೊಂಡಿವೆ. ಕಾರು ನೇರ ಓಡುವಾಗ ಎರಡೂ ಟೈರಿನ ಅಡ್ಡ ಎಳೆತ ಸಮವಾಗುವವರೆಗೆ ರ್‍ಯಾಕು ತಾನಾಗಿ ಸರಿದುಕೊಳ್ಳುತ್ತದೆ. ಹೀಗೆ ತಪ್ಪು ಎರಡೂ ಕಡೆಗೆ ಹಂಚಿಹೋಗುತ್ತದೆ, ಸ್ಟಿಯರಿಂಗ್ ವೀಲ್ ಮಾತ್ರ ಸೊಟ್ಟಗೆ ನಿಲ್ಲುತ್ತದೆ. ಆದ್ದರಿಂದ ಸೊಟ್ಟ ಸ್ಟಿಯರಿಂಗ್, ಜೊತೆಗೆ ಎರಡೂ ಮುಂದಿನ ಟೈರಿನಲ್ಲಿ ಒಂದೇ ಬಗೆಯ ಸವೆತ ಕಂಡರೆ ಗುಮಾನಿ ಟೋ ಮೇಲೆ. ಒಂದೇ ಟೈರಿನ ಒಂದೇ ಅಂಚು ಹೋಗಿದ್ದರೆ ಬೇರೆಡೆ ಹುಡುಕಬೇಕು.

ಆ ಬೇರೆಡೆಯೇ ಕ್ಯಾಂಬರ್. ಚಕ್ರದ ತಲೆ ಕಾರಿನ ಕಡೆಗೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ನೆಟ್ಟಗಿರುವ ಟೈರು ನೆಲದ ಮೇಲೆ ಒತ್ತುವ ಅಚ್ಚು ಹೆಚ್ಚುಕಮ್ಮಿ ಆಯತಾಕಾರ. ಚಕ್ರ ಒಳಕ್ಕೆ ಎರಡು ಡಿಗ್ರಿ ವಾಲಿತೆಂದರೆ, 12 ಸೆಂ.ಮೀ. ಅಗಲದಲ್ಲಿ ಒಳಂಚು ಹೊರಂಚಿಗಿಂತ ಸುಮಾರು 4 ಮಿ.ಮೀ. ಕೆಳಗೆ ಇಳಿಯುತ್ತದೆ. ಗಾಳಿ ತುಂಬಿದ ಟೈರು ಅಷ್ಟನ್ನು ಸಹಿಸಿಕೊಳ್ಳುವುದರಿಂದ ಹೊರಂಚು ಗಾಳಿಯಲ್ಲಿ ತೇಲುವುದಿಲ್ಲ, ನೆಲ ಮುಟ್ಟಿಯೇ ಇರುತ್ತದೆ. ಆದರೆ ಅಚ್ಚಿನ ಆಕಾರ ಬದಲಾಗುತ್ತದೆ. ಒಳಮಗ್ಗುಲಲ್ಲಿ ಉದ್ದ, ಹೊರಮಗ್ಗುಲಲ್ಲಿ ಗಿಡ್ಡ. ಭಾರದ ಹೆಚ್ಚಿನ ಪಾಲು ಒಳಂಚಿನ ಮೇಲೆ ಬೀಳುತ್ತದೆ.

ಇದರ ಜೊತೆಗೆ ಉರುಳುವ ಗುಣವೂ ಕೆಡುತ್ತದೆ. ಬಾಯಿ ಅಗಲ, ತಳ ಕಿರಿದಾದ ಲೋಟವನ್ನು ನೆಲದ ಮೇಲೆ ಮಲಗಿಸಿ ತಳ್ಳಿ ನೋಡಿ, ಅದು ನೇರ ಹೋಗದೆ ತಳದ ಕಡೆಗೆ ಸುತ್ತು ಹಾಕುತ್ತದೆ. ವಾಲಿದ ಟೈರಿನ ಅಚ್ಚಿನೊಳಗೂ ಹೀಗೆಯೇ, ಒಂದಂಚಿನ ಸುತ್ತಳತೆ ಹೆಚ್ಚು, ಇನ್ನೊಂದರದು ಕಮ್ಮಿ. ಅದು ತಾನು ವಾಲಿದ ಕಡೆಗೇ ತಿರುಗಲು ನೋಡುತ್ತದೆ. ಎರಡೂ ಚಕ್ರ ಸಮನಾಗಿ ಒಳಕ್ಕೆ ವಾಲಿದ್ದರೆ ಒಂದರ ಎಳೆತವನ್ನು ಇನ್ನೊಂದು ರದ್ದು ಮಾಡುತ್ತದೆ, ಡ್ರೈವರಿಗೆ ಏನೂ ತಿಳಿಯುವುದಿಲ್ಲ. ಎಡಬಲದ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದಾಗ ಕಾರು ಒಂದು ಕಡೆಗೆ ಎಳೆಯತೊಡಗುತ್ತದೆ. ಯಾವ ಚಕ್ರದ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇದೆಯೋ ಆ ಕಡೆಗೆ.

ಹಾಗಾದರೆ ಕಂಪನಿಯವರು ಸೊನ್ನೆಯನ್ನೇ ಇಡಬಹುದಿತ್ತಲ್ಲ ಎನಿಸಬಹುದು. ನಿಂತ ಕಾರಿಗೆ ಸೊನ್ನೆ ಚೆಂದ. ಶಿರಾಡಿ ಘಾಟಿಯ ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲುತ್ತದೆ, ಅದರ ಜೊತೆಗೆ ಹೊರಗಡೆಯ ಚಕ್ರದ ತಲೆಯೂ ಹೊರಕ್ಕೆ ಹೋಗುತ್ತದೆ. ತಿರುವಿನ ಭಾರವೆಲ್ಲ ಬೀಳುವುದು ಅದೇ ಚಕ್ರದ ಮೇಲೆ. ಮೊದಲೇ ಅರ್ಧ ಡಿಗ್ರಿಯೋ ಒಂದು ಡಿಗ್ರಿಯೋ ಒಳಕ್ಕೆ ವಾಲಿಸಿಟ್ಟರೆ, ಭಾರ ಬಿದ್ದ ಹೊತ್ತಿಗೆ ಅಚ್ಚು ಪೂರ್ತಿ ಅಗಲಕ್ಕೆ ಕೂರುವ ಸಾಧ್ಯತೆ ಹೆಚ್ಚು. ನೇರ ರಸ್ತೆಯಲ್ಲಿ ಒಳಂಚು ಸ್ವಲ್ಪ ಹೆಚ್ಚು ಸವೆಯುವುದು ಇದಕ್ಕೆ ತೆರುವ ಬೆಲೆ. ಟೋ ಸರಿಯಾಗಿದ್ದರೆ ಆ ಬೆಲೆ ಬಹಳ ಕಮ್ಮಿ. ಒಂದು ಡಿಗ್ರಿ ನೆಗೆಟಿವ್ ಇರುವ ಟೈರು ತನ್ನಷ್ಟಕ್ಕೆ ಬೋಳಾಗುವುದಿಲ್ಲ. ಅದಕ್ಕೆ ಟೋ-ಔಟ್ ಸೇರಿಕೊಂಡಾಗ ಕಥೆ ಬೇರೆಯಾಗುತ್ತದೆ. ಟೋ ಟೈರನ್ನು ಅಡ್ಡ ಉಜ್ಜುತ್ತದೆ, ಕ್ಯಾಂಬರ್ ಆ ಉಜ್ಜಿಕೆಯನ್ನೆಲ್ಲ ಒಳಗಿನ ಎರಡು ಬೆರಳಗಲದ ಪಟ್ಟಿಗೆ ಹೊರಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಟೈರು ಹೊಸತರಂತೆಯೇ ಕಾಣುತ್ತದೆ.

ಕ್ಯಾಸ್ಟರ್ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅದು ಚಕ್ರದ ಓರೆಯಲ್ಲ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರ ಮೇಲಿನ ಮೌಂಟಿನಿಂದ ಕೆಳಗಿನ ಬಾಲ್ ಜಾಯಿಂಟಿಗೆ ಒಂದು ಗೆರೆ ಎಳೆದರೆ ಅದೇ ಸ್ಟಿಯರಿಂಗಿನ ಅಕ್ಷ. ಅದರ ಮೇಲ್ತುದಿ ಹಿಂದಕ್ಕೆ ವಾಲಿದ್ದರೆ ಪಾಸಿಟಿವ್ ಕ್ಯಾಸ್ಟರ್. ಬೈಕಿನ ಮುಂದಿನ ಫೋರ್ಕು ಓರೆಯಾಗಿ ನಿಂತಿರುವುದೂ ಇದೇ. ಗೆರೆಯನ್ನು ಕೆಳಕ್ಕೆ ಮುಂದುವರಿಸಿದರೆ ಅದು ಅಚ್ಚಿನ ನಡುವಿಗಿಂತ ಸ್ವಲ್ಪ ಮುಂದೆ ನೆಲ ಮುಟ್ಟುತ್ತದೆ. ನಾಲ್ಕು ಡಿಗ್ರಿ ಕ್ಯಾಸ್ಟರಿದ್ದರೆ ಈ ಅಂತರ ಸುಮಾರು 2 ಸೆಂ.ಮೀ. ಎಳೆಯುವ ಬಿಂದು ಮುಂದೆ, ಎಳೆಸಿಕೊಳ್ಳುವ ಟೈರು ಹಿಂದೆ ಇರುವುದರಿಂದ ಟೈರು ತಾನಾಗಿ ಸಾಲಿಗೆ ಬರುತ್ತದೆ. ತಿರುವು ಮುಗಿಸಿ ಕೈ ಸಡಿಲಿಸಿದಾಗ ಸ್ಟಿಯರಿಂಗ್ ಹಿಂದಿರುಗುವುದರಲ್ಲಿ ಇದರ ಪಾಲು ದೊಡ್ಡದು.

ಅಚ್ಚಿನ ಮೇಲೆ ಕ್ಯಾಸ್ಟರಿನ ಪ್ರಭಾವ ಗೊತ್ತಾಗುವುದು ಸ್ಟಿಯರಿಂಗ್ ತಿರುಗಿಸಿದಾಗ. ಅಕ್ಷವೇ ಓರೆಯಾಗಿರುವುದರಿಂದ ಚಕ್ರ ತಿರುಗುತ್ತಲೇ ವಾಲುತ್ತದೆ. ತಿರುವಿನ ಹೊರಗಡೆಯ ಚಕ್ರದ ತಲೆ ಒಳಕ್ಕೆ, ಒಳಗಡೆಯದು ಹೊರಕ್ಕೆ. ಅಂದರೆ ಕ್ಯಾಂಬರ್ ಬೇಕಾದಾಗ ಮಾತ್ರ ಹುಟ್ಟಿ, ನೇರಕ್ಕೆ ಬಂದಾಗ ಮಾಯವಾಗುತ್ತದೆ. ಮಿಷನ್ ಕ್ಯಾಸ್ಟರನ್ನು ಅಳೆಯುವುದೂ ಈ ವಾಲುವಿಕೆಯಿಂದಲೇ. ಮುಂದಿನ ಚಕ್ರಗಳು ತಿರುಗುವ ತಟ್ಟೆಗಳ ಮೇಲೆ ನಿಂತಿರುವಾಗ ಸ್ಟಿಯರಿಂಗನ್ನು ನಿಗದಿಯಾದಷ್ಟು ಡಿಗ್ರಿ ಎಡಕ್ಕೆ, ಅಷ್ಟೇ ಬಲಕ್ಕೆ ತಿರುಗಿಸಿ, ಕ್ಯಾಂಬರ್ ಎಷ್ಟು ಬದಲಾಯಿತೆಂದು ನೋಡಿ ಲೆಕ್ಕ ಹಾಕುತ್ತದೆ. ಪಕ್ಕದಲ್ಲಿ ನಿಂತು ನೋಡುವ ಗಿರಾಕಿಗೆ ಇದೊಂದು ಒಳ್ಳೆ ಪರೀಕ್ಷೆ. ಹುಡುಗ ಸ್ಟಿಯರಿಂಗನ್ನು ಹೀಗೆ ಎರಡೂ ಕಡೆ ತಿರುಗಿಸಲೇ ಇಲ್ಲವೆಂದರೆ ಕ್ಯಾಸ್ಟರ್ ಅಳೆದೇ ಇಲ್ಲ.

ಈಗ ಒಂದು ಶೀಟು ಕಲ್ಪಿಸಿಕೊಂಡು ಓದೋಣ. ಅದೇ ಹ್ಯಾಚ್‌ಬ್ಯಾಕ್, ಮಳೆಗಾಲದಲ್ಲಿ ಎಡ ಮುಂಚಕ್ರ ರಸ್ತೆಯಂಚಿನ ಆಳವಾದ ಗುಂಡಿಗೆ ಜೋರಾಗಿ ಬಿದ್ದಿದೆ. ಕಂಪನಿ ಹೇಳಿದ ಕ್ಯಾಂಬರ್ ಮೈನಸ್ ಅರ್ಧ ಡಿಗ್ರಿ, ಅತ್ತಿತ್ತ ಒಂದು ಡಿಗ್ರಿ ರಿಯಾಯಿತಿ ಎಂದಿಟ್ಟುಕೊಳ್ಳಿ. ಶೀಟಿನಲ್ಲಿ ಬಲ ಚಕ್ರ ಮೈನಸ್ 0 ಡಿಗ್ರಿ 35 ನಿಮಿಷ, ಹಸಿರು. ಎಡ ಚಕ್ರ ಮೈನಸ್ 2 ಡಿಗ್ರಿ 5 ನಿಮಿಷ, ಕೆಂಪು. ಕ್ಯಾಸ್ಟರ್ ಬಲಕ್ಕೆ 4 ಡಿಗ್ರಿ, ಎಡಕ್ಕೆ 3 ಡಿಗ್ರಿ 10 ನಿಮಿಷ. ಟೋ ಒಟ್ಟು 4 ಮಿ.ಮೀ. ಹೊರಕ್ಕೆ. (60 ನಿಮಿಷಕ್ಕೆ ಒಂದು ಡಿಗ್ರಿ ಎಂಬುದನ್ನು ಮರೆತರೆ ಈ ಅಂಕಿಗಳು ಮೋಸ ಮಾಡುತ್ತವೆ.)

ಎಡ ಚಕ್ರದ ಕ್ಯಾಂಬರ್ ಒಂದೂವರೆ ಡಿಗ್ರಿ ಹೆಚ್ಚು ಒಳಕ್ಕೆ ಹೋಗಿದೆ, ಅದರ ಕ್ಯಾಸ್ಟರೂ ಕಮ್ಮಿಯಾಗಿದೆ. ಎರಡೂ ಒಂದೇ ಚಕ್ರದಲ್ಲಿ ಒಟ್ಟಿಗೆ ಕೆಟ್ಟಿವೆ ಎಂದರೆ ಏನೋ ಬಾಗಿದೆ, ಸ್ಟ್ರಟ್ ಇರಬಹುದು, ಲೋವರ್ ಆರ್ಮ್ ಇರಬಹುದು, ಎರಡೂ ಇರಬಹುದು. ಗುಂಡಿಯ ಹೊಡೆತ ಚಕ್ರದ ಕೆಳಭಾಗವನ್ನು ಹಿಂದಕ್ಕೆ ತಳ್ಳಿದಾಗ ಕ್ಯಾಸ್ಟರ್ ಕಮ್ಮಿಯಾಗುತ್ತದೆ. ಟೈರಿನ ಮೇಲೆ ಕಾಣುವ ಚಿತ್ರವೂ ಇದಕ್ಕೆ ಹೊಂದುತ್ತದೆ. ಎರಡೂ ಟೈರಿನಲ್ಲಿ ಕೈಗೆ ಹಲ್ಲು ತಾಗುತ್ತದೆ, ಅದು ಟೋ ಕೆಲಸ. ಎಡದ್ದರ ಒಳಂಚು ಮಾತ್ರ ನುಣ್ಣಗೆ ಬೋಳಾಗಿದೆ, ಅದು ಕ್ಯಾಂಬರಿನ ಕೆಲಸ.

ಸ್ವಾರಸ್ಯ ಇರುವುದು ಇನ್ನೊಂದರಲ್ಲಿ: ಈ ಕಾರು ಎಳೆಯದೇ ಇರಬಹುದು. ಕ್ಯಾಂಬರಿನ ವ್ಯತ್ಯಾಸ ಕಾರನ್ನು ಬಲಕ್ಕೆ ಎಳೆಯುತ್ತದೆ, ಏಕೆಂದರೆ ಹೆಚ್ಚು ಪಾಸಿಟಿವ್ ಇರುವುದು ಬಲ ಚಕ್ರ. ಕ್ಯಾಸ್ಟರಿನ ವ್ಯತ್ಯಾಸ ಎಡಕ್ಕೆ ಎಳೆಯುತ್ತದೆ, ಏಕೆಂದರೆ ಕ್ಯಾಸ್ಟರ್ ಕಮ್ಮಿಯಿರುವ ಕಡೆಗೆ ಕಾರು ಹೋಗುತ್ತದೆ. ಅದರ ಮೇಲೆ, ನೀರು ಹರಿಯಲೆಂದು ರಸ್ತೆಯನ್ನೇ ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಎಡಗಡೆ ಓಡಿಸುವ ನಮಗೆ ಅದೂ ಎಡಕ್ಕೇ ಎಳೆಯುತ್ತದೆ. ಮೂರೂ ಕೂಡಿ ಕಳೆದು ಸೊನ್ನೆಯ ಹತ್ತಿರ ಬಂದರೆ ಸ್ಟಿಯರಿಂಗ್ ಬಿಟ್ಟರೂ ಕಾರು ಬಾಣದ ಹಾಗೆ ಹೋಗುತ್ತದೆ. "ನೇರ ಹೋಗ್ತಿದೆ, ಅಲೈನ್‌ಮೆಂಟ್ ಸರಿಯಿದೆ" ಎಂಬ ಮಾತನ್ನು ಅದಕ್ಕೇ ಅರ್ಧ ಮಾತ್ರ ನಂಬಬೇಕು.

ಇನ್ನು ರಿಪೇರಿ. ಗಿರಾಕಿ ಕೆಂಪು ಅಂಕಿಗೆ ಬೆರಳಿಟ್ಟು ಕೇಳುತ್ತಾನೆ, "ಇದ್ಯಾಕಣ್ಣ ಹಸಿರಾಗಲಿಲ್ಲ?" ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಸಾರ್, ಈ ಗಾಡಿಗೆ ಕ್ಯಾಂಬರ್ ಅಡ್ಜಸ್ಟ್‌ಮೆಂಟ್ ಬರಲ್ಲ, ಟೋ ಪೂರಾ ಸೆಟ್ ಮಾಡಿದೀನಿ." ಅದು ಬಹುತೇಕ ನಿಜವೇ. ಇಂಥ ಕಾರುಗಳಲ್ಲಿ ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಟೋ ಬದಲಾಗುತ್ತದೆ, ಅದೊಂದೇ ಸಲೀಸಾದ ಹೊಂದಾಣಿಕೆ. ಸ್ಟ್ರಟ್ಟಿನ ಕೆಳಗಿನ ಬೋಲ್ಟಿನ ತೂತಿನಲ್ಲಿ ಸಡಿಲವಿದ್ದರೆ ಕ್ಯಾಂಬರನ್ನು ಸ್ವಲ್ಪ ಸರಿಸಬಹುದು. ಕ್ಯಾಸ್ಟರಿಗೆ ಸಾಮಾನ್ಯವಾಗಿ ದಾರಿಯೇ ಇಲ್ಲ. ಅದು ಕೆಟ್ಟಿದೆ ಎಂದರೆ ಭಾಗ ಬಾಗಿದೆ, ಇಲ್ಲವೇ ಬುಷ್ ಸವೆದಿದೆ.

ಕೆಲವೆಡೆ ಹೈಡ್ರಾಲಿಕ್ ಜಾಕಿನಂಥ ಸಾಧನ ಹಚ್ಚಿ ಸ್ಟ್ರಟ್ಟನ್ನೋ ಅದರ ಬ್ರ್ಯಾಕೆಟ್ಟನ್ನೋ ಅಲ್ಲೇ ಬಗ್ಗಿಸಿ, ಕ್ಯಾಂಬರ್ ಕರೆಕ್ಷನ್ ಎಂದು ಬಿಲ್ಲಿಗೆ ಸೇರಿಸುತ್ತಾರೆ. ಅಂಕಿ ಹಸಿರಾಗುತ್ತದೆ. ಆದರೆ ಒಮ್ಮೆ ಬಾಗಿದ ಉಕ್ಕನ್ನು ಎದುರು ದಿಕ್ಕಿಗೆ ಮತ್ತೆ ಬಗ್ಗಿಸಿದ್ದಾರೆ. ಬಾಗಿದ್ದು ಲೋವರ್ ಆರ್ಮ್ ಆಗಿದ್ದರಂತೂ ಒಂದರ ತಪ್ಪಿಗೆ ಇನ್ನೊಂದನ್ನು ಬಗ್ಗಿಸಿದಂತಾಯಿತು, ಕ್ಯಾಸ್ಟರ್ ಇದ್ದಲ್ಲೇ ಇರುತ್ತದೆ. ಯಾವ ಭಾಗ ಬಾಗಿದೆಯೆಂದು ಹುಡುಕಿ ಅದನ್ನೇ ಬದಲಿಸುವುದು ದುಬಾರಿಯಾದರೂ ನನ್ನ ಮಟ್ಟಿಗೆ ಅದೊಂದೇ ರಿಪೇರಿ.

ಕ್ರಮವೂ ಮುಖ್ಯ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಏಕೆಂದರೆ ಚಕ್ರದ ತಲೆ ಸರಿದಾಗ ಟೈ ರಾಡಿನ ತುದಿ ಅದನ್ನು ಹಿಡಿದೆಳೆಯುತ್ತದೆ. ಹಾಗಾಗಿ ಟೋ ಯಾವತ್ತೂ ಕೊನೆಗೆ. ಬಾಗಿದ ಸ್ಟ್ರಟ್ಟನ್ನು ಹಾಗೇ ಬಿಟ್ಟು ಇಂದು ಟೋ ಸೆಟ್ ಮಾಡಿಸಿ, ಮುಂದಿನ ತಿಂಗಳು ಸ್ಟ್ರಟ್ ಬದಲಿಸಿದರೆ ಇಂದಿನ ದುಡ್ಡು ದಂಡ. ಅದಕ್ಕೂ ಮೊದಲು ಚಕ್ರವನ್ನು ಎತ್ತಿ, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬುಷ್‌ಗಳಲ್ಲಿ ಆಟವಿದೆಯೇ ಎಂದು ಅಲುಗಾಡಿಸಿ ನೋಡಬೇಕು. ಸಡಿಲ ಜಾಯಿಂಟಿನ ಮೇಲೆ ಮಾಡಿದ ಅಳತೆ ಮಿಷನ್ನಿನಿಂದ ಇಳಿದ ಮೊದಲ ಹಂಪಿಗೇ ಬದಲಾಗುತ್ತದೆ. ಗಾಳಿಯನ್ನು ಸರಿಮಾಡದೆ ಕಾರನ್ನು ಮಿಷನ್ನಿಗೆ ಹತ್ತಿಸಿದರೂ ಅಷ್ಟೇ, ಒಂದು ಮೂಲೆ ತಗ್ಗಿದರೆ ಕೋನಗಳೂ ಹೊರಳುತ್ತವೆ.

ಎಲ್ಲ ಕೋನ ಸರಿಯಿದ್ದೂ ಕಾರು ಎಳೆಯುತ್ತಿದ್ದರೆ ಟೈರಿನಲ್ಲೇ ದೋಷವಿರಬಹುದು. ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಿದರೆ ತಿಳಿಯುತ್ತದೆ. ಎಳೆತದ ದಿಕ್ಕು ತಿರುಗಿದರೆ ತಪ್ಪು ಟೈರಿನದು. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತು ಇರುವ ಟೈರುಗಳಿಗೆ ಈ ಉಪಾಯ ಬೇಡ. ಎಂಬತ್ತು, ತೊಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ಹೆಚ್ಚಾಗಿ ಬ್ಯಾಲೆನ್ಸಿಂಗಿನ ದೂರು, ಅದಕ್ಕೆ ಈ ಮೂರು ಕೋನಗಳನ್ನು ದೂರಿ ಫಲವಿಲ್ಲ.

ಅಲೈನ್‌ಮೆಂಟ್ ಸರಿಯಾದ ಮೇಲೂ ಹಲ್ಲುಹಲ್ಲಾಗಿ ಸವೆದ ಟೈರು ತಕ್ಷಣ ಸುಮ್ಮನಾಗುವುದಿಲ್ಲ. ಹೆದ್ದಾರಿಯಲ್ಲಿ ಗುಂಯ್ ಎನ್ನುತ್ತಲೇ ಇರುತ್ತದೆ, ಕೇಳಿದವರು ವೀಲ್ ಬೇರಿಂಗ್ ಹೋಗಿದೆ ಎನ್ನುತ್ತಾರೆ. ಬೇರಿಂಗ್ ಬದಲಿಸುವ ಮೊದಲು ಆ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಓಡಿಸಿ ನೋಡಿ. ಸದ್ದೂ ಹಿಂದಕ್ಕೆ ಹೋಯಿತೆಂದರೆ ಅದು ಟೈರಿನದೇ, ಟ್ರೆಡ್ ಸಮವಾಗಿ ಸವೆದಂತೆ ಕಮ್ಮಿಯಾಗುತ್ತದೆ. ಆದರೆ ಟ್ರೆಡ್ಡಿನ ಕಾಲುವೆಯೊಳಗಿರುವ 1.6 ಮಿ.ಮೀ. ಎತ್ತರದ ಗುರುತಿನ ಮಟ್ಟಕ್ಕೆ ಒಳಂಚು ಬಂದುಬಿಟ್ಟಿದ್ದರೆ ಹಿಂದೆಯೂ ಬೇಡ, ಮುಂದೆಯೂ ಬೇಡ. ಹೊರಂಚಿನಲ್ಲಿ ಇನ್ನೂ 5 ಮಿ.ಮೀ. ಟ್ರೆಡ್ ಉಳಿದಿದ್ದರೂ ಆ ಟೈರಿನ ಆಯುಷ್ಯ ಮುಗಿದಿದೆ.